ಅತ್ತಿಗೆಗೆ ಬರೆಯುವಾಗ ಅತ್ತಿಗೆ ಎಂದೇ ಬರೆಯಿರಿ

ಇಂದು ನಮ್ಮ ಅತ್ತಿಗೆಯ ಹುಟ್ಟುಹಬ್ಬ. ಬೆಳಿಗ್ಗೆ ಎದ್ದು ಮನೆಯವರ ವಾಟ್ಸಾಪ್ ಗುಂಪು ತೆರೆದರೆ, ಹೂಗುಚ್ಛದ ಮೇಲೆ ‘ಹ್ಯಾಪಿ ಬರ್ತ್‌ಡೇ ಸಿಸ್ಟರ್ ಇನ್ ಲಾ’ ಎಂದಿರುವ ಒಂದೇ ಚಿತ್ರವನ್ನು ನಾಲ್ವರು ಕಳಿಸಿದ್ದರು. ಹೋದ ತಿಂಗಳು ನನ್ನ ನಾದಿನಿಗೂ ಇದೇ ಚಿತ್ರ ಬಂದಿತ್ತು. ನನಗೆ ನಿಜವಾಗಿಯೂ ಬೇಸರವಾಯಿತು.

ಅಣ್ಣನ ಹೆಂಡತಿ ಅತ್ತಿಗೆ, ಹೆಂಡತಿಯ ತಂಗಿ ನಾದಿನಿ. ಧಾರವಾಡದ ಕಡೆಯವರು ಅತ್ತಿಗೆಯನ್ನು ವೈನಿ ಎನ್ನುತ್ತಾರೆ, ನಮ್ಮ ದಾವಣಗೆರೆಯಲ್ಲಿ ಅತ್ತಿಗೆಯೇ. ಯಾರು ಹಿರಿಯರು, ಯಾರು ಕಿರಿಯರು ಎಂಬುದು ಈ ಪದಗಳೊಳಗೇ ಇದೆ. ಮುಂದಿನ ವಾಕ್ಯದಲ್ಲಿ ನೀವು ಎನ್ನಬೇಕೋ ನೀನು ಎನ್ನಬೇಕೋ, ಹರಸಬೇಕೋ ಹರಕೆ ಬೇಡಬೇಕೋ ಎಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ.

ಚಿಕ್ಕಪ್ಪನ ಮಗ ಕನ್ನಡದಲ್ಲಿಯೇ ಬರೆದಿದ್ದ: ‘ನೂರು ಕಾಲ ಸುಖವಾಗಿ ಬಾಳು.’ ಪ್ರೀತಿಯ ಮಾತೇ. ಆದರೆ ಅದು ಕಾಲಿಗೆ ನಮಸ್ಕರಿಸಿದ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಅಜ್ಜಿ ಆಡುವ ಮಾತು. ಮೈದುನನಾದವನು ಅತ್ತಿಗೆಗೆ ‘ದೇವರು ನಿಮಗೆ ಆಯುರಾರೋಗ್ಯ ಕೊಡಲಿ, ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ’ ಎನ್ನಬೇಕು. ಫೋನ್ ಮಾಡಿ ಹೇಳಿದೆ. ‘ಅವರು ನಮ್ಮಿಬ್ಬರಿಗಿಂತ ಒಂದು ವರ್ಷ ಚಿಕ್ಕವರಲ್ಲವೇ?’ ಎಂದು ಕೇಳಿದ. ಹೌದು, ವಯಸ್ಸಿನಲ್ಲಿ ಚಿಕ್ಕವರು. ಆದರೆ ಅಣ್ಣನ ಕೈ ಹಿಡಿದು ಹೊಸಿಲು ದಾಟಿದ ದಿನವೇ ಅಣ್ಣನ ಹಿರಿತನ ಅವರಿಗೂ ಬಂದಿದೆ. ಅದನ್ನು ಜನನ ಪ್ರಮಾಣಪತ್ರ ನೋಡಿ ಅಳೆಯಲಾಗದು.

ಗೌರವವೆಂದರೆ ಬಿಗಿಯಾಗಿ ಬರೆಯುವುದು ಎಂದು ನಾನು ಹೇಳುತ್ತಿಲ್ಲ. ಅತ್ತಿಗೆ ಮೈದುನರ ನಡುವೆ ತಮಾಷೆಗೆ ಜಾಗವಿದ್ದೇ ಇದೆ. ಆದರೆ ಆ ಗುಂಪಿನಲ್ಲಿ ಅವರ ತವರಿನವರೂ ಇದ್ದಾರೆ. ವಯಸ್ಸು, ಮೈತೂಕ, ಅಡುಗೆಯ ಉಪ್ಪು ಖಾರ ಇವುಗಳ ಹಾಸ್ಯವನ್ನು ಅಡುಗೆಮನೆಯಲ್ಲಿ ನಗುತ್ತಾ ಆಡಬಹುದು. ಬೀಗರ ಮುಂದೆ ಬರೆದರೆ ಅದೇ ಮಾತು ಚುಚ್ಚುತ್ತದೆ. ಸಲುಗೆ ತೋರಿಸಬೇಕೆಂದರೆ ನಮಗೂ ಅವರಿಗೂ ಮಾತ್ರ ಗೊತ್ತಿರುವ ಒಂದು ಸಂಗತಿಯನ್ನು ನೆನೆದರೆ ಸಾಕು.

ನನಗೆ ಅಂಥದ್ದೊಂದಿದೆ, ಇದುವರೆಗೆ ಯಾರಿಗೂ ಹೇಳಿಲ್ಲ. ಪದವಿಯ ಕೊನೆಯ ವರ್ಷ ಎರಡು ವಿಷಯಗಳಲ್ಲಿ ಫೇಲಾಗಿ, ಅಣ್ಣನಿಗೆ ಮುಖ ತೋರಿಸಲಾರದೆ ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಮದುವೆಯಾಗಿ ಬಂದು ಇನ್ನೂ ಮೂರು ತಿಂಗಳಾಗಿದ್ದ ಅತ್ತಿಗೆ ಏನನ್ನೂ ಕೇಳಲಿಲ್ಲ. ಒಗ್ಗರಣೆ ಹಾಕಿದ ಮಂಡಕ್ಕಿಯ ತಟ್ಟೆಯನ್ನು ನನ್ನ ಕೈಗಿಟ್ಟು, ‘ಮೊದಲು ತಿನ್ನು. ನಿಮ್ಮಣ್ಣ ಊಟ ಮಾಡಿದ ಮೇಲೆ ನಾನೇ ಹೇಳ್ತೀನಿ’ ಎಂದರು. ಹಾಗೆಯೇ ಹೇಳಿದರು. ಅಣ್ಣ ಬೈಯಲಿಲ್ಲ.

ಗುಂಪಿನಲ್ಲಿ ನಾನು ಬರೆದದ್ದು ಇಷ್ಟು:

‘ಅತ್ತಿಗೆ, ಹುಟ್ಟುಹಬ್ಬದ ಶುಭಾಶಯಗಳು. ದೇವರು ನಿಮಗೆ ಆಯುರಾರೋಗ್ಯ ಕೊಡಲಿ. ಹಿತ್ತಲ ಬಾಗಿಲಲ್ಲಿ ನೀವು ಕೊಟ್ಟ ಮಂಡಕ್ಕಿಯ ಋಣ ನನ್ನ ಮೇಲೆ ಇನ್ನೂ ಇದೆ. ಸಂಜೆ ಮಿರ್ಚಿ ತರುತ್ತೇನೆ, ಮಂಡಕ್ಕಿ ನೀವೇ ಕಲಸಬೇಕು. ನಿಮ್ಮ ಆಶೀರ್ವಾದವಿರಲಿ. ನಿಮ್ಮ ಮೈದುನ.’