ಖಾಲಿ ಗೆರೆಗೆ ಮೊದಲು ನಂಬರ್ ಹಾಕಿ

ಇಂಗ್ಲಿಷ್ ಅರ್ಜಿಯ ಫೋಟೋ ಕಳಿಸಿ "ಇದನ್ನ ಸ್ವಲ್ಪ ಕನ್ನಡದಲ್ಲಿ ಮಾಡಿಕೊಡಿ" ಅಂತ ಕೇಳುವವರು ಬಹಳ ಮಂದಿ. ಅದಕ್ಕೆ ಕೆಲವರು ಫೋಟೋದಲ್ಲಿನ ಇಂಗ್ಲಿಷ್ ಅಳಿಸಿ, ಅದೇ ಜಾಗದಲ್ಲಿ ಕನ್ನಡ ಕೂರಿಸಿ ಕಳಿಸುತ್ತಾರೆ. ನೋಡೋಕೆ ಚೆನ್ನ, ತುಂಬೋಕೆ ಕಷ್ಟ. ಒತ್ತಕ್ಷರಗಳಿರುವ ಕನ್ನಡದ ಸಾಲಿಗೆ ಎತ್ತರ ಹೆಚ್ಚು ಬೇಕು. ಚಿಕ್ಕದು ಮಾಡಿದರೆ ಓದಲಾಗದು, ಎರಡು ಸಾಲು ಮಾಡಿದರೆ ಎರಡನೆಯದು ಕೆಳಗಿನ ಕಾಲಂಗೆ ಸೇರಿದ್ದೇನೋ ಅನಿಸುತ್ತದೆ.

ಹಾಗಾದರೂ ಕಾಲಂಗಳನ್ನು ಹೇಗೋ ನಿಭಾಯಿಸಬಹುದು. ನಿಜವಾದ ಪೇಚಾಟ ಇರುವುದು ಕೊನೆಯ ಘೋಷಣೆಯಲ್ಲಿ, ಅಂದರೆ ವಾಕ್ಯದ ನಡುವೆಯೇ ಖಾಲಿ ಗೆರೆ ಬಿಟ್ಟಿರುವ ಕಡೆ. ಒಬ್ಬ ತಾಯಿ ತನ್ನ ಮಗಳ ಪ್ರಮಾಣಪತ್ರ ತರಲು ತಮ್ಮನನ್ನು ಕಳಿಸುತ್ತಿದ್ದಾಳೆ ಅಂದುಕೊಳ್ಳಿ. ಅಧಿಕಾರ ಪತ್ರದ ಇಂಗ್ಲಿಷ್ ವಾಕ್ಯದಲ್ಲಿ ಮೊದಲ ಗೆರೆ ತಾಯಿಯದು, ಎರಡನೆಯದು ತಮ್ಮನದು, ಮೂರನೆಯದು ಮಗಳದು. ಅದನ್ನೇ ಸಹಜ ಕನ್ನಡಕ್ಕೆ ತಂದರೆ "____ ಆದ ನಾನು, ____ ಅವರ ಪ್ರಮಾಣಪತ್ರ ಪಡೆಯಲು ____ ಅವರಿಗೆ ಅಧಿಕಾರ ನೀಡಿದ್ದೇನೆ" ಅಂತಾಗುತ್ತದೆ. ಮಗಳು ಎರಡನೇ ಜಾಗಕ್ಕೆ ಬಂದಳು, ತಮ್ಮ ಮೂರಕ್ಕೆ ಹೋದ! ಈ ಕನ್ನಡ ನೋಡಿಕೊಂಡು ಮೂಲ ಅರ್ಜಿ ತುಂಬಿದರೆ, ಅಧಿಕಾರ ಸಿಗುವುದು ಮಗಳಿಗೆ. ಕೌಂಟರಿನಲ್ಲಿ ನಿಂತ ತಮ್ಮನ ಹೆಸರು ಹೊಂದುವುದೇ ಇಲ್ಲ. ಅನುವಾದದಲ್ಲಿ ಒಂದು ಪದವೂ ತಪ್ಪಿಲ್ಲ, ನೋಡಿ.

ಅದಕ್ಕೇ ನಾನು ಹೇಳುವುದು, ಅನುವಾದಕ್ಕೆ ಕೈ ಹಾಕುವ ಮೊದಲು ಫೋಟೋ ಮೇಲೆ ಪ್ರತಿ ಖಾಲಿ ಜಾಗಕ್ಕೂ ನಂಬರ್ ಬರೆಯಿರಿ. ಇಂಗ್ಲಿಷ್ ಅಕ್ಷರ ಮುಟ್ಟಬೇಡಿ. ಬೇರೆ ಹಾಳೆಯಲ್ಲಿ ಅದೇ ನಂಬರ್ ಇಟ್ಟು ಕನ್ನಡ ಬರೆಯಿರಿ: "(1) ಆದ ನಾನು, (3) ಅವರ ಪ್ರಮಾಣಪತ್ರ ಪಡೆಯಲು (2) ಅವರಿಗೆ…" ಕನ್ನಡದ ವಾಕ್ಯ ಎತ್ತ ತಿರುಗಿದರೂ ನಂಬರ್ ಗೆರೆಗೇ ಅಂಟಿಕೊಂಡಿರುತ್ತದೆ.

ನಂಬರ್ ಹಾಕುವಾಗ ಇನ್ನೊಂದು ಗಮನಿಸಿ. ಕೆಲವು ಅರ್ಜಿಗಳಲ್ಲಿ ಕಾಲಂ ಹೆಸರು ಗೆರೆಯ ಮೇಲಿರದೆ ಕೆಳಗಿರುತ್ತದೆ, ಸಹಿಯ ಜಾಗದಲ್ಲಂತೂ ಹೆಚ್ಚಾಗಿ ಹೀಗೇ. ಫೋಟೋ ಓರೆಯಾಗಿದ್ದರೆ ಅದು ಮುಂದಿನ ಗೆರೆಗೆ ಸೇರಿದಂತೆ ಕಾಣುತ್ತದೆ. ಅನುಮಾನ ಬಂದರೆ ಪುಟದ ತೀರಾ ಕೆಳಗಿನ ಗೆರೆಯಿಂದ ಮೇಲಕ್ಕೆ ಎಣಿಸಿ. ಅದರ ಕೆಳಗೂ ಒಂದು ಹೆಸರು ಉಳಿದಿದ್ದರೆ, ಆ ಭಾಗದ ಹೆಸರುಗಳೆಲ್ಲ ಗೆರೆಯ ಕೆಳಗಿನವೇ.

ಆಮೇಲೆ ಇಂಗ್ಲಿಷ್ ಬಾರದ ಒಬ್ಬರಿಗೆ ನಿಮ್ಮ ಹಾಳೆಯನ್ನೂ ನಂಬರ್ ಹಾಕಿದ ಫೋಟೋವನ್ನೂ ಮೂಲದ ಜೆರಾಕ್ಸನ್ನೂ ಕೊಟ್ಟು ತುಂಬಿಸಿ, ಇಂಗ್ಲಿಷ್ ಬಲ್ಲವರಿಂದ ತುಂಬಿದ ಜೆರಾಕ್ಸನ್ನಷ್ಟೇ ಓದಿಸಿ. ತಾಯಿ ತಮ್ಮನನ್ನು ಕಳಿಸಿದ್ದಾಳೆ ಅಂತ ಅವರು ಹೇಳಿದರೆ ಕೆಲಸ ಆಯಿತು. ಇಂಗ್ಲಿಷ್ ದೊಡ್ಡಕ್ಷರದಲ್ಲೇ ತುಂಬಬೇಕು ಅಂತಿದ್ದರೆ ಅದನ್ನು ಹಾಳೆಯ ತಲೆಯಲ್ಲೇ ಬರೆದುಬಿಡಿ. ನಿಮ್ಮ ಕನ್ನಡ ಹಾಳೆ ಮನೆಯಲ್ಲೇ ಇರಲಿ, ಕೌಂಟರಿಗೆ ಹೋಗುವುದು ಮೂಲ ಅರ್ಜಿ ಮಾತ್ರ.