ಇಪ್ಪತ್ತು ಸೆಕೆಂಡಿನ ಪ್ಲಾಟ್‌ಫಾರ್ಮ್

ಬೆಳಗಿನ ಜಾವದ ಖಾಲಿ ರೈಲ್ವೆ ಪ್ಲಾಟ್‌ಫಾರ್ಮ್‌ನ ಫೋಟೋ ಕೊಟ್ಟು ಕಥೆ ಬರೆಯಿರಿ ಅಂದರೆ, ನಮ್ಮಲ್ಲಿ ಹತ್ತಕ್ಕೆ ಒಂಬತ್ತು ಜನ ವಿರಹದ ಕಥೆ ಬರೆಯುತ್ತಾರೆ. ಯಾರೋ ಬರಬೇಕಿತ್ತು, ಬರಲಿಲ್ಲ. ಇಲ್ಲವೇ ಯಾರೋ ಹೋದರು, ಇನ್ನು ಬರುವುದಿಲ್ಲ. ಕಥೆಯಲ್ಲಿ ಒಂದು ಹಳೇ ಸೂಟ್‌ಕೇಸ್ ಇರುತ್ತದೆ, ಕೊನೆಯಲ್ಲಿ ರೈಲು ಕೂಗುತ್ತದೆ. ನನಗೆ ಇದರಲ್ಲಿ ತಕರಾರು ಇರುವುದು ಒಂದೇ. ಈ ಕಥೆ ಬರೆಯೋದಕ್ಕೆ ಫೋಟೋ ಯಾಕೆ ಬೇಕು? ಬಸ್ ಸ್ಟ್ಯಾಂಡ್ ಆದರೂ ಇದೇ ಕಥೆ, ನದೀ ದಂಡೆ ಆದರೂ ಇದೇ ಕಥೆ.

ನನ್ನ ಮುಂದಿರುವುದು ಗೆಳೆಯನೊಬ್ಬ ಕ್ಯಾಸಲ್‌ರಾಕ್‌ನಲ್ಲಿ ತೆಗೆದ ಚಿತ್ರ. ಉತ್ತರ ಕನ್ನಡದ ಜೋಯಿಡಾ ಕಡೆಯ, ಗೋವಾ ಗಡಿಗೆ ತಾಗಿಕೊಂಡ ಸಣ್ಣ ಸ್ಟೇಷನ್ ಅದು. ಹಳದಿ ಬೋರ್ಡು, ಒದ್ದೆ ನೆಲ, ಸಿಮೆಂಟಿನ ಬೆಂಚು, ಆಚೆ ಮಂಜು. ಒಬ್ಬ ನರಮನುಷ್ಯ ಇಲ್ಲ. ಕೆಳಗೆ ಗೆಳೆಯ ಒಂದು ಸಾಲು ಬರೆದಿದ್ದ: ಕ್ಯಾಮೆರಾ ಸ್ಟ್ಯಾಂಡ್ ಮೇಲೆ, ಇಪ್ಪತ್ತು ಸೆಕೆಂಡ್.

ಇಡೀ ಕಥೆ ಇರುವುದು ಆ ಸಾಲಿನಲ್ಲೇ. ಮಬ್ಬು ಬೆಳಕಿನಲ್ಲಿ ಕ್ಯಾಮೆರಾಗೆ ಬೆಳಕು ಸಾಲುವುದಿಲ್ಲ. ಹಾಗಾಗಿ ಅದರ ಕಣ್ಣನ್ನು ಜಾಸ್ತಿ ಹೊತ್ತು ತೆರೆದಿಡಬೇಕು. ತೆರೆದಿಟ್ಟಷ್ಟೂ ಹೊತ್ತು ಅಲುಗದೆ ನಿಂತದ್ದು ಮಾತ್ರ ಚಿತ್ರದಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಸಾಮಾನ್ಯ ನಡಿಗೆಯಲ್ಲಿ ಒಬ್ಬ ಮನುಷ್ಯ ಸೆಕೆಂಡಿಗೆ ಒಂದೂ ಕಾಲು ಮೀಟರಿನಷ್ಟು ಹೋಗುತ್ತಾನೆ. ಅವನ ಮೈ ಅಗಲ ಅರ್ಧ ಮೀಟರ್ ಅಂತಿಟ್ಟುಕೊಳ್ಳಿ. ಅಂದರೆ ಯಾವುದೇ ಒಂದು ಜಾಗವನ್ನು ಅವನು ಮರೆಮಾಡುವುದು ಅರ್ಧ ಸೆಕೆಂಡಿಗಿಂತ ಕಡಿಮೆ. ಇಪ್ಪತ್ತು ಸೆಕೆಂಡಿನಲ್ಲಿ ಅದು ಐವತ್ತರಲ್ಲಿ ಒಂದು ಪಾಲು. ಅಷ್ಟು ತೆಳುವಾದ ಗುರುತು ಹಿಂದಿನ ಗೋಡೆಯ ಬಣ್ಣದಲ್ಲೇ ಕರಗಿಹೋಗುತ್ತದೆ. ಮನುಷ್ಯ ಕ್ಯಾಮೆರಾ ಎದುರಿಗೇ ನಡೆದುಹೋಗಿರುತ್ತಾನೆ, ಫೋಟೋದಲ್ಲಿ ಇರುವುದಿಲ್ಲ.

ಇದು ಹೊಸ ವಿಷಯವೇನಲ್ಲ. 1838ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಡಗೇರ್ ತನ್ನ ಕಿಟಕಿಯಿಂದ ಬುಲೆವಾ ದು ತಾಂಪ್ಲ್ ಎಂಬ ಬೀದಿಯ ಚಿತ್ರ ತೆಗೆದ. ಗಾಡಿ, ಕುದುರೆ, ಜನ ಎಲ್ಲ ಓಡಾಡುತ್ತಿದ್ದ ಬೀದಿ. ಚಿತ್ರ ಮೂಡುವುದಕ್ಕೆ ಹಲವು ನಿಮಿಷ ಹಿಡಿದದ್ದರಿಂದ ಓಡಾಡುತ್ತಿದ್ದವರೆಲ್ಲ ಮಾಯ. ಉಳಿದದ್ದು ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಕಾಲು ಎತ್ತಿ ನಿಂತಿದ್ದ ಒಬ್ಬ, ಮತ್ತು ಅವನ ಮುಂದೆ ಕೂತಿದ್ದ ಪಾಲಿಶ್‌ನವನು. ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯರು ಇವರೇ ಅಂತ ಹೇಳುತ್ತಾರೆ. ಊರಿನ ದೊಡ್ಡವರೆಲ್ಲ ಅವಸರದಲ್ಲಿದ್ದರು ಅನ್ನಿಸುತ್ತದೆ.

ಹಾಗಾದರೆ ಕ್ಯಾಸಲ್‌ರಾಕ್‌ನ ಪ್ಲಾಟ್‌ಫಾರ್ಮ್ ನಿಜವಾಗಿ ಖಾಲಿ ಇತ್ತಾ? ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಮೂರು ಸಂಗತಿ ಕಾಣುತ್ತವೆ.

ಮೊದಲನೆಯದು, ಸೊಂಟದೆತ್ತರದಲ್ಲಿ ಗಾಳಿಯಲ್ಲಿ ಎಳೆದಂತಿರುವ ಒಂದು ಹಸಿರು ಗೆರೆ. ಮೇಲೆ ಕೆಳಗೆ ಸ್ವಲ್ಪ ಏರಿಳಿಯುತ್ತ ಬೆಂಚಿನಿಂದ ಚಿತ್ರದ ಬಲ ಅಂಚಿನವರೆಗೆ ಹೋಗಿದೆ. ರೈಲ್ವೆಯವರು ಇದನ್ನು ನೋಡಿದ ಕೂಡಲೇ ಹೇಳುತ್ತಾರೆ, ಇದು ಹ್ಯಾಂಡ್ ಲ್ಯಾಂಪು. ಕೆಂಪು, ಹಸಿರು, ಬಿಳಿ ತಿರುಗಿಸಿಕೊಳ್ಳಬಹುದಾದ ಕೈದೀಪ. ಹಿಡಿದವನು ಕಾಣುವುದಿಲ್ಲ, ದೀಪ ಮಾತ್ರ ದಾರಿ ಬರೆದಿದೆ. ಏರಿಳಿತ ಅಂದರೆ ಅವನ ಹೆಜ್ಜೆ. ಅವುಗಳ ನಡುವಿನ ಅಂತರ ನೋಡಿ: ಬೆಂಚಿನ ಹತ್ತಿರ ಚಿಕ್ಕದು, ಆಮೇಲೆ ದೊಡ್ಡದು. ಅವನು ಒಂದೇ ಸಮ ನಡೆಯಲಿಲ್ಲ. ಬೆಂಚಿನಿಂದ ಹೊರಟವನಾದರೆ ಹೋಗ್ತಾ ಹೋಗ್ತಾ ಓಡಿದ್ದಾನೆ.

ಎರಡನೆಯದು ಸಿಗ್ನಲ್. ದೂರದ ಕಂಬದಲ್ಲಿ ಕೆಂಪೂ ಉರಿಯುತ್ತಿದೆ, ಹಸಿರೂ ಉರಿಯುತ್ತಿದೆ. ನಿಜದಲ್ಲಿ ಹಾಗೆ ಎರಡೂ ಒಟ್ಟಿಗೆ ಉರಿಯುವುದಿಲ್ಲ. ಅವು ಬೇರೆ ಬೇರೆ ದೀಪಗಳಾದ್ದರಿಂದ, ಆ ಇಪ್ಪತ್ತು ಸೆಕೆಂಡಿನ ಮಧ್ಯೆ ಒಂದು ಆರಿ ಇನ್ನೊಂದು ಹತ್ತಿದೆ ಅಂತ ಅರ್ಥ. ಹಸಿರು ಹೋಗಿ ಕೆಂಪು ಬಂದಿದ್ದರೆ ಯಾವುದೋ ಗಾಡಿ ಆಗಷ್ಟೇ ಸಿಗ್ನಲ್ ದಾಟಿರಬೇಕು. ದಾಟಿದ್ದರೆ ಹಳಿಯ ಮೇಲೆ ಉದ್ದಕ್ಕೆ ಬೆಳಕಿನ ಪಟ್ಟಿ ಬಳಿದಿರಬೇಕಿತ್ತು. ಹಳಿ ಸ್ವಚ್ಛವಾಗಿದೆ. ಹಾಗಾಗಿ ಕೆಂಪು ಹೋಗಿ ಹಸಿರು ಬಂದದ್ದು. ಚೌಕಟ್ಟಿನ ಆಚೆ ಯಾವುದೋ ಗಾಡಿ ಹೊರಡಲು ನಿಂತಿದೆ, ಅದಕ್ಕೆ ಈಗ ದಾರಿ ಸಿಕ್ಕಿತು.

ಮೂರನೆಯದು ನನಗೆ ಬಹಳ ಇಷ್ಟವಾದದ್ದು. ಬೆಂಚಿನ ಮೇಲೆ ಮೂರು ಅಂತಸ್ತಿನ ಸ್ಟೀಲ್ ಡಬ್ಬಿ ಇದೆ. ಇದೆ ಅಂದರೆ ಪೂರ್ತಿ ಇಲ್ಲ. ಅದರ ಮೂಲಕ ಹಿಂದಿನ ಗೋಡೆಯ ಬಿರುಕು ಕಾಣುತ್ತದೆ. ದೆವ್ವದ ಡಬ್ಬಿ ಅನ್ನಬೇಡಿ. ಇಪ್ಪತ್ತು ಸೆಕೆಂಡೂ ಅಲ್ಲಿದ್ದಿದ್ದರೆ ಅದು ಬೆಂಚಿನಷ್ಟೇ ಗಟ್ಟಿಯಾಗಿ ಕಾಣುತ್ತಿತ್ತು. ಅರ್ಧ ಪಾರದರ್ಶಕ ಅಂದರೆ ಅರ್ಧ ಹೊತ್ತು ಇತ್ತು, ಅರ್ಧ ಹೊತ್ತು ಇರಲಿಲ್ಲ. ಅಂದರೆ ಯಾರೋ ಮಧ್ಯದಲ್ಲಿ ಬಂದು ಇಟ್ಟರು, ಅಥವಾ ಅಲ್ಲಿದ್ದದ್ದನ್ನು ಎತ್ತಿಕೊಂಡು ಹೋದರು. ಯಾವುದು ಅಂತ ಫೋಟೋ ಹೇಳುವುದಿಲ್ಲ, ಎರಡಕ್ಕೂ ಒಂದೇ ಥರ ಕಾಣುತ್ತದೆ. ಸಾಕ್ಷಿ ಇಲ್ಲಿಗೆ ಮುಗಿಯಿತು. ಕಥೆ ಶುರುವಾಗಬೇಕಾದದ್ದೂ ಇಲ್ಲಿಂದಲೇ.

ಮಧ್ಯದಲ್ಲಿ ಒಂದು ಆಮಿಷ ಬರುತ್ತದೆ. ಕ್ಯಾಸಲ್‌ರಾಕ್ ಅಂದ ಕೂಡಲೇ ಪೋರ್ಚುಗೀಸರ ಕಾಲ ನೆನಪಾಗುತ್ತದೆ. 1961ಕ್ಕೆ ಮುಂಚೆ ಗೋವಾದ ಗಡಿ ಇಲ್ಲೇ ಆಚೆ ಇತ್ತು, ಪ್ರಯಾಣಿಕರ ಗಂಟುಮೂಟೆ ಬಿಚ್ಚಿಸುವ ಕಸ್ಟಮ್ಸ್ ಇತ್ತು. ಕಳ್ಳ ಸಾಗಣೆ, ಗೂಢಚಾರರು, ಡಬ್ಬಿಯ ತಳದಲ್ಲಿ ಚಿನ್ನ. ಬರೆಯೋಕೆ ಕೈ ತುರಿಸುತ್ತದೆ. ಆದರೆ ಸಿಗ್ನಲ್ ನಮ್ಮ ಕಾಲದ್ದು, ಕೈದೀಪವೂ ನಮ್ಮ ಕಾಲದ್ದು. ಚಿತ್ರದಲ್ಲಿ ಇಲ್ಲದ್ದನ್ನು ತಂದು ತುರುಕಿದರೆ ಮತ್ತೆ ಸೂಟ್‌ಕೇಸ್ ಕಥೆಯೇ ಆಗುತ್ತದೆ.

ಈ ಸ್ಟೇಷನ್ನಿಗೇ ಸೇರಿದ್ದು ಬೇರೆ ಒಂದಿದೆ. ಗೋವಾದ ಕುಲೇಮ್‌ನಿಂದ ಇಲ್ಲಿಗೆ ಬರುವ ಘಟ್ಟದ ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಕಾರಿಗೆ ಇದು ಏರೇ ಅಲ್ಲ, ರೈಲಿಗೆ ಬೆಟ್ಟ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ, ಅದರ ಮೇಲೆ ಮಳೆ. ಮುಂದಿನ ಇಂಜಿನ್ನುಗಳು ಎಳೆದರೆ ಸಾಲದು, ಹಿಂದಿನಿಂದಲೂ ಇಂಜಿನ್ ಹಚ್ಚಿ ತಳ್ಳಬೇಕು. ಇವಕ್ಕೆ ಬ್ಯಾಂಕರ್ ಅಂತಾರೆ. ಬ್ಯಾಂಕಿಗೂ ಇದಕ್ಕೂ ಸಂಬಂಧ ಇಲ್ಲ. ಘಟ್ಟ ಹತ್ತಿ ಕ್ಯಾಸಲ್‌ರಾಕ್ ತಲುಪಿದ ಮೇಲೆ ಅವುಗಳ ಕೆಲಸ ಮುಗಿಯಿತು. ಬಿಚ್ಚಿ, ಮತ್ತೆ ಕೆಳಗೆ ಕುಲೇಮ್‌ಗೆ ಕಳಿಸುತ್ತಾರೆ. ಮುಂದೆ ಹೋಗುವ ರೈಲಿನಲ್ಲಿ ಮಲಗಿದವರಿಗೆ ತಮ್ಮನ್ನು ಘಟ್ಟದುದ್ದಕ್ಕೂ ತಳ್ಳಿದವರು ಯಾರು ಅಂತ ಗೊತ್ತೇ ಆಗುವುದಿಲ್ಲ.

ಹಾಗಾದರೆ ಚೌಕಟ್ಟಿನ ಆಚೆ ಹೊರಡಲು ನಿಂತಿರುವುದು ಬ್ಯಾಂಕರ್. ಅದರಲ್ಲಿ ಸಹಾಯಕ ಲೋಕೋ ಪೈಲಟ್, ಅಂದರೆ ಡ್ರೈವರನ ಸಹಾಯಕ, ಒಬ್ಬ ಹುಡುಗ. ಹ್ಯಾಂಡ್ ಲ್ಯಾಂಪು ಹಿಡಿದವನು ಸ್ಟೇಷನ್ನಿನಲ್ಲಿ ಇಂಜಿನ್ ಹಚ್ಚಿ ಬಿಚ್ಚುವ ಪಾಯಿಂಟ್ಸ್‌ಮನ್, ಬಸಪ್ಪ ಅಂತಿರಲಿ. ಡಬ್ಬಿ ಬಸಪ್ಪನ ಕ್ವಾರ್ಟರ್ಸ್‌ನಿಂದ ಬಂದದ್ದು. ಈಗ ಬೇಕಾಗಿರುವುದು, ಡಬ್ಬಿ ಬೆಂಚಿನ ಮೇಲೆ ಯಾಕಿತ್ತು ಅನ್ನುವ ಕಾರಣ. ಕೈಯಿಂದ ಕೈಗೆ ಕೊಡಬಹುದಿತ್ತಲ್ಲ?

ಬಸಪ್ಪ ಕೊಟ್ಟ. ಹುಡುಗ ತಗೊಳ್ಳಲಿಲ್ಲ.

ನೆಲ ಒದ್ದೆ, ಮಂಜು, ಮಳೆಗಾಲ. ಹಾಗಾಗಿ ಬಸಪ್ಪನ ಮಗಳು ಗಂಗಾ ನಾಗರಪಂಚಮಿಗೆ ತವರಿಗೆ ಬಂದಿದ್ದಾಳೆ. ಉಂಡಿ ತಿಂದು, ಜೋಕಾಲಿ ಆಡಿ, ವಾಪಸ್ ಹೋಗುವ ದಿನ ಬಂದಾಗ ನಾನು ಹೋಗಲ್ಲ ಅಂತ ಕೂತಳು. ಕುಲೇಮ್‌ನಿಂದ ಹುಬ್ಬಳ್ಳಿಗೆ ವರ್ಗ ಕೇಳಿ ಅರ್ಜಿ ಹಾಕು ಅಂತ ಅವಳ ಹಟ. ಹಾಕಲ್ಲ ಅಂತ ಗಂಡನದು. ಗಂಡ ಅಂದರೆ ಇಂಜಿನ್ನಿನ ಆ ಹುಡುಗನೇ. ಈಗ ಘಟ್ಟದ ಮೇಲೆ ಹೆಂಡತಿ, ಘಟ್ಟದ ಕೆಳಗೆ ಗಂಡ. ಅವನು ಮಾತ್ರ ಡ್ಯೂಟಿ ಮೇಲೆ ಮತ್ತೆ ಮತ್ತೆ ಹತ್ತಿ ಬರುತ್ತಾನೆ, ಕ್ವಾರ್ಟರ್ಸ್ ಕಡೆ ಮುಖ ಹಾಕದೆ ಇಳಿದು ಹೋಗುತ್ತಾನೆ.

ಆ ದಿನ ಇಂಜಿನ್ ಬಿಚ್ಚಿದ ಮೇಲೆ ಸಿಗ್ನಲ್ ಸಿಗುವುದು ತಡವಾಗಿದೆ. ಹುಡುಗ ನಲ್ಲಿಯಲ್ಲಿ ಮುಖ ತೊಳೆಯಲು ಪ್ಲಾಟ್‌ಫಾರ್ಮಿಗೆ ಬರುತ್ತಾನೆ. ಬಸಪ್ಪ ಡಬ್ಬಿ ಚಾಚುತ್ತಾನೆ.

“ತಗೋರಿ ಅಳಿಯಂದ್ರ. ಬಿಸಿ ಐತಿ.”

“ಬ್ಯಾಡ್ರಿ ಮಾವಾರ. ಹೊಟ್ಟಿ ತುಂಬೇತಿ.”

ರಾತ್ರಿಯಿಡೀ ಘಟ್ಟ ಹತ್ತಿದವನ ಹೊಟ್ಟೆ ಯಾವುದರಿಂದ ತುಂಬಿರುತ್ತದೆ ಅಂತ ಬಸಪ್ಪನಿಗೆ ಗೊತ್ತಿಲ್ಲವೇ? ಬಾಯಿಬಿಟ್ಟು ಏನೂ ಹೇಳದೆ ಡಬ್ಬಿಯನ್ನು ಬೆಂಚಿನ ಮೇಲೆ ಇಟ್ಟು, ದೀಪ ಆರಿಸಿ, ಚೌಕಟ್ಟಿನ ಆಚೆ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಹುಡುಗ ಬೆಂಚಿನ ಈ ತುದಿಯಲ್ಲಿ ಕೂತು ಬೂಟಿನ ಲೇಸ್ ಬಿಚ್ಚಿ ಕಟ್ಟುತ್ತಾನೆ. ದೂರದಲ್ಲಿ ಯಾರೋ ಒಬ್ಬ ಕ್ಯಾಮೆರಾ ನಿಲ್ಲಿಸಿಕೊಂಡು ಬಗ್ಗಿ ನೋಡುತ್ತಿದ್ದಾನೆ. ಇಬ್ಬರಿಗೂ ಅವನ ಕಡೆ ಗಮನ ಇಲ್ಲ. ಹುಡುಗ ಎದ್ದು ಇಂಜಿನ್ ಕಡೆ ನಡೆಯುತ್ತಾನೆ. ಬೆಂಚು ಖಾಲಿ, ಡಬ್ಬಿ ಒಂದೇ. ಕ್ಯಾಮೆರಾದ ಕಣ್ಣು ತೆರೆದದ್ದು ಈಗ.

ಹತ್ತು ಸೆಕೆಂಡ್ ಏನೂ ಆಗುವುದಿಲ್ಲ. ಹತ್ತನೆಯದಕ್ಕೆ ಕೆಂಪು ಹೋಗಿ ಹಸಿರು ಬಂತು. ಇನ್ನು ನಿಲ್ಲುವ ಹಾಗಿಲ್ಲ. ಬಸಪ್ಪ ಬಂದು ಡಬ್ಬಿ ಎತ್ತಿಕೊಂಡ, ಇನ್ನೊಂದು ಕೈಯಲ್ಲಿ ದೀಪ ಹಚ್ಚಿಕೊಂಡ. ಮೊದಲು ನಡೆದ, ಆಮೇಲೆ ಓಡಿದ. ಗೆರೆಯ ಏರಿಳಿತಗಳ ಅಂತರ ದೊಡ್ಡದಾಗಿರುವುದು ಆಗಲೇ. ಚೌಕಟ್ಟಿನಿಂದ ಹೊರಗೆ ಹೋದಾಗ ಇಂಜಿನ್ ಇನ್ನೂ ನಿಂತಿತ್ತು.

ನಾನು ಮೊದಲು ಬರೆದಾಗ ಡಬ್ಬಿಯನ್ನು ಎತ್ತಿಕೊಂಡು ಓಡಿದವನು ಅಳಿಯನೇ ಆಗಿದ್ದ. ಮನಸ್ಸು ಕರಗಿ ವಾಪಸ್ ಬಂದ, ಎತ್ತಿಕೊಂಡ, ಓಡಿದ. ಓದಲು ಹಿತವಾಗಿತ್ತು. ಆದರೆ ಸಹಾಯಕ ಲೋಕೋ ಪೈಲಟ್ ಸಿಗ್ನಲ್ ಬಿದ್ದ ಹೊತ್ತಿನಲ್ಲಿ ಇಂಜಿನ್ನಿನಲ್ಲೇ ಇರಬೇಕು. ಸಿಗ್ನಲ್‌ನ ಬಣ್ಣವನ್ನು ಡ್ರೈವರ್, ಸಹಾಯಕ ಇಬ್ಬರೂ ನೋಡಿ ಒಬ್ಬರಿಗೊಬ್ಬರು ಕೂಗಿ ಹೇಳುವುದು ಅಲ್ಲಿನ ಕ್ರಮ. ಅಲ್ಲದೆ ದೀಪದ ಗೆರೆ ಬೆಂಚಿನಿಂದಲೇ ಹೊರಟಿದೆ. ದೀಪ ಮಾವನದು. ಹಾಗಾಗಿ ಮಾವನೇ ಓಡಬೇಕಾಯಿತು. ಐವತ್ತೆಂಟರ ಮಂಡಿಯಲ್ಲಿ ಒದ್ದೆ ನೆಲದ ಮೇಲೆ ಓಡುವ ಮಾವ, ಸುಮ್ನೆ ಕರಗುವ ಅಳಿಯನಿಗಿಂತ ನನಗೆ ಹೆಚ್ಚು ಬೇಕಾದವನು.

ಇಂಜಿನ್ನಿನ ಮೆಟ್ಟಿಲ ಹತ್ತಿರ ಅವನಿಗೆ ಉಸಿರು ಹತ್ತಿತ್ತು. ಮಗಳು ಕಳಿಸಿದ್ದಾಳೆ ಅಂದರೆ ಮತ್ತೆ ಬೇಡ ಅನ್ನುತ್ತಾನೆ. ಡಬ್ಬಿಯನ್ನು ಮೇಲೆ ತಳ್ಳಿ ಹೇಳಿದ:

“ಇದು ನಂದು. ನಮ್ಮನ್ಯಾಗ ಡಬ್ಬಿ ಇರೋದು ಒಂದ. ನಾಳೆ ತೊಳದು ತರ್ರಿ. ಇಲ್ಲಾಂದ್ರ ಆಕಿ ನನಗ ಬುತ್ತಿ ಕಟ್ಟಂಗಿಲ್ಲ.”

ಹುಡುಗನಿಗೆ ಈಗ ಬೇಡ ಅನ್ನಲು ಹೊತ್ತಿಲ್ಲ. ಹಾರ್ನ್ ಆಯಿತು. ಬಸಪ್ಪ ಹಿಂದೆ ಸರಿದು ಹಸಿರು ದೀಪ ಬೀಸಿದ. ನಾಳೆ ಅನ್ನುವ ಮಾತು ಎಲ್ಲಿಂದ ಬಂತು ಅಂತ ಅವನಿಗೇ ಆಶ್ಚರ್ಯ. ನಾಳೆ ಬಸಪ್ಪನಿಗೆ ರಜೆ. ಡಬ್ಬಿ ವಾಪಸ್ ತಗೊಳ್ಳೋಕೆ ಸ್ಟೇಷನ್ನಿಗೆ ಗಂಗಾಳೇ ಬರಬೇಕು.