ಚಿಪ್ ಸರಿ, ಬೋರ್ಡ್ ಲೆಕ್ಕ ಬಿಟ್ಟಿದ್ದೀರಿ

ESP8266 ವೈಫೈ ಚಿಪ್ ಹಾಕಿ ಬ್ಯಾಟರಿಯಲ್ಲಿ ನಡೆಯುವ ಡೋರ್‌ಬೆಲ್ ಮಾಡೋ ಬಗ್ಗೆ ನಿಮ್ಮ ಪೋಸ್ಟ್‌ನಲ್ಲಿ ಹೀಗೆ ಬರೆದಿದ್ದೀರಿ: "ಡೀಪ್ ಸ್ಲೀಪ್‌ನಲ್ಲಿ ESP8266 ಎಳೆಯೋದು 20 ಮೈಕ್ರೋಆಂಪ್ ಅಷ್ಟೇ, ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ."

ಅದು ಬರೀ ಚಿಪ್‌ನ ಲೆಕ್ಕ ಸರ್. ಫೋಟೋದಲ್ಲಿರುವ ಬೋರ್ಡ್‌ನಲ್ಲಿ AMS1117 ರೆಗ್ಯುಲೇಟರ್ ಕಾಣುತ್ತಿದೆ, ಅದೊಂದೇ ಸುಮ್ನೆ ಕೂತು ಸುಮಾರು 5 ಮಿಲಿಆಂಪ್ ತಿನ್ನುತ್ತದೆ. 2000 mAh ಸೆಲ್ ಹಾಕಿದರೆ 400 ಗಂಟೆ, ಅಂದರೆ ಯಾರೂ ಬೆಲ್ ಒತ್ತದಿದ್ದರೂ ಹದಿನೇಳು ದಿನಕ್ಕೇ ಖಾಲಿ. ಬಟನ್ ಕಡೆಗೆ ಅದೇ ಚಿಪ್ ಇರುವ ಬರೀ ESP-12F ಮಾಡ್ಯೂಲ್ ತಗೊಂಡು HT7333 ರೆಗ್ಯುಲೇಟರ್ ಹಾಕಿ, ಅದು ತಿನ್ನೋದು ಕೆಲವೇ ಮೈಕ್ರೋಆಂಪ್.

ಇನ್ನೊಂದು, ಬಟನ್ ನೇರವಾಗಿ ವೈಫೈಗೆ ಸೇರೋದು ಬೇಡ. ಸೇರೋಕೇ ಕೆಲವು ಸೆಕೆಂಡ್ ಬೇಕು, ಬ್ಯಾಟರಿ ಜಾಸ್ತಿ ಖರ್ಚಾಗೋದೂ ಆಗಲೇ, ಬಾಗಿಲಲ್ಲಿ ನಿಂತವರು ಬೆಲ್ ಆಗಲಿಲ್ಲ ಅಂದುಕೊಂಡು ಮತ್ತೆ ಮತ್ತೆ ಒತ್ತುತ್ತಾರೆ. ರೂಟರ್ ಇಲ್ಲದೆ ಎರಡು ESP ಚಿಪ್‌ಗಳು ನೇರವಾಗಿ ಮಾತಾಡುವ ESP-NOW ಬಳಸಿದರೆ ಬಟನ್ ಒಂದು ಪುಟ್ಟ ಪ್ಯಾಕೆಟ್ ಕಳಿಸಿ ಮತ್ತೆ ಮಲಗುತ್ತದೆ, ಒಳಗೆ ಪ್ಲಗ್‌ನಲ್ಲಿರುವ ಚೈಮ್ ತಕ್ಷಣ ಬಾರಿಸಿ, ಆಮೇಲೆ ಫೋನಿಗೆ ನೋಟಿಫಿಕೇಶನ್ ಕಳಿಸುತ್ತದೆ. ಆದರೆ ಚೈಮ್ ರೂಟರ್‌ನ ಚಾನೆಲ್‌ನಲ್ಲೇ ಇರುತ್ತದಲ್ವಾ, ಬಟನ್ ಕೂಡ ಅದೇ ಚಾನೆಲ್‌ನಲ್ಲಿ ಇರಬೇಕು. ರೂಟರ್‌ನಲ್ಲಿ ಆಟೋ ಚಾನೆಲ್ ತೆಗೆದು 1, 6 ಅಥವಾ 11 ಅಂತ ಕಟ್ಟಿಹಾಕಿ. ನಿನ್ನೆವರೆಗೆ ಚೆನ್ನಾಗಿದ್ದ ಬೆಲ್ ರೂಟರ್ ರೀಸ್ಟಾರ್ಟ್ ಆದಮೇಲೆ ಸತ್ತರೆ ಮೊದಲು ಇದನ್ನೇ ನೋಡಿ.